ದೀರ್ಘ ಕಾಯಿಲೆಯ ನಂತರ ಕೆಲಸಕ್ಕೆ: ರಜೆ ಅರ್ಜಿಯಲ್ಲಿ ಫಿಟ್‌ನೆಸ್ ಸರ್ಟಿಫಿಕೇಟ್ ನಮೂದಿಸುವುದು ಹೇಗೆ?

ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಎದ್ದವರು ಕಚೇರಿಗೆ ಹೋದ ಮೊದಲ ದಿನವೇ ಹಾಜರಿ ಪುಸ್ತಕಕ್ಕೆ ಸಹಿ ಹಾಕಲಾಗದೆ ವಾಪಸ್ ಬರುವುದುಂಟು. ಕಾಯಿಲೆ ವಾಸಿಯಾಗಿದೆ, ಔಷಧದ ಚೀಟಿಗಳೆಲ್ಲ ಕೈಯಲ್ಲಿವೆ, ಆದರೆ ‘ಇವರು ಈಗ ಕೆಲಸ ಮಾಡಬಲ್ಲರು’ ಎಂದು ವೈದ್ಯರು ಬರೆದುಕೊಟ್ಟ ಕಾಗದ ಇಲ್ಲ. ಕೆಲವರ ಬಳಿ ಆ ಕಾಗದ ಇದ್ದರೂ ಅದರ ದಿನಾಂಕ ಅರ್ಜಿಯ ದಿನಾಂಕಕ್ಕೆ ತಾಳೆಯಾಗುವುದಿಲ್ಲ.

ಕೇಂದ್ರ ಸರ್ಕಾರಿ ನೌಕರರ ಉದಾಹರಣೆಯನ್ನೇ ಇಲ್ಲಿ ತೆಗೆದುಕೊಳ್ಳೋಣ. ಅವರಿಗೆ ಅನ್ವಯಿಸುವ 1972ರ ರಜಾ ನಿಯಮಗಳ 24ನೇ ನಿಯಮ, ವೈದ್ಯಕೀಯ ಪ್ರಮಾಣಪತ್ರದ ಮೇಲೆ ರಜೆ ಪಡೆದವರು ನಮೂನೆ 5ರಲ್ಲಿ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡುವವರೆಗೆ ಕರ್ತವ್ಯಕ್ಕೆ ಮರಳುವಂತಿಲ್ಲ ಎನ್ನುತ್ತದೆ. ರಾಜ್ಯ ಸರ್ಕಾರಿ ನೌಕರರು, ಬ್ಯಾಂಕ್ ಮತ್ತು ಖಾಸಗಿ ಕಂಪನಿಯವರಿಗೆ ಅವರವರದೇ ನಿಯಮ, ನಮೂನೆಗಳಿರುತ್ತವೆ. ಅವನ್ನು ತಮ್ಮ ಸಿಬ್ಬಂದಿ ಶಾಖೆಯಲ್ಲಿ ಮೊದಲೇ ಕೇಳಿ ಪಡೆಯಬೇಕು. ಅರ್ಜಿ ಬರೆಯುವ ಕ್ರಮ ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆಯೂ ಇದೇ.

ವಾರಕ್ಕೆ ಐದು ದಿನ ಕೆಲಸವಿರುವ ಕೇಂದ್ರ ಕಚೇರಿಯೊಂದರ ಗುಮಾಸ್ತೆಗೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಆಯಿತು ಎಂದುಕೊಳ್ಳಿ. ವೈದ್ಯರು 2025ರ ಜೂನ್ 2ರ ಸೋಮವಾರದಿಂದ 30 ದಿನಗಳ ವಿಶ್ರಾಂತಿ ಬರೆದರು. ಅಂದರೆ ಜುಲೈ 1ರವರೆಗೆ. ಫಿಟ್‌ನೆಸ್ ಸರ್ಟಿಫಿಕೇಟ್‌ನ ಪ್ರಸ್ತಾಪ ಈ ಮೊದಲ ಅರ್ಜಿಯಲ್ಲೇ ಬರಬೇಕು. ವೈದ್ಯರ ಪ್ರಮಾಣಪತ್ರ ಲಗತ್ತಿಸಿರುವುದನ್ನು ತಿಳಿಸಿದ ಮೇಲೆ ಒಂದು ವಾಕ್ಯ ಸೇರಿಸಿದರೆ ಸಾಕು: ‘ಗುಣಮುಖಳಾದ ನಂತರ ವೈದ್ಯರಿಂದ ದೈಹಿಕ ಅರ್ಹತಾ ಪ್ರಮಾಣಪತ್ರ ಪಡೆದು, ಅದರೊಂದಿಗೆ ಕರ್ತವ್ಯಕ್ಕೆ ಹಾಜರಾಗುತ್ತೇನೆ.’ ಇಷ್ಟೇ ದಿನದಲ್ಲಿ ವಾಸಿಯಾಗಿ ಬರುತ್ತೇನೆಂದು ಖಚಿತವಾಗಿ ಬರೆಯಬೇಡಿ. ಅದನ್ನು ಹೇಳಬೇಕಾದವರು ವೈದ್ಯರು.

ಈ ಹಂತದಲ್ಲಿ ಬಹಳ ಮಂದಿ ಮರೆಯುವ ಕೆಲಸವೊಂದಿದೆ. ವೈದ್ಯಕೀಯ ಪ್ರಮಾಣಪತ್ರದ ಮೂಲ ಪ್ರತಿ ಕಚೇರಿಗೆ ಹೋಗುವ ಮೊದಲೇ ಅದರ ದೃಢೀಕೃತ ನಕಲು ಮಾಡಿಸಿ ಮನೆಯಲ್ಲಿಟ್ಟುಕೊಳ್ಳಬೇಕು. ನಮೂನೆ 5ರಲ್ಲಿ ವೈದ್ಯರು ಎರಡು ಮಾತಿಗೆ ಸಹಿ ಹಾಕುತ್ತಾರೆ. ಒಂದು, ರೋಗಿ ಗುಣಮುಖರಾಗಿ ಸೇವೆಗೆ ಮರಳಲು ಅರ್ಹರಾಗಿದ್ದಾರೆ ಎಂಬುದು. ಇನ್ನೊಂದು, ಯಾವ ಪ್ರಮಾಣಪತ್ರಗಳ ಮೇಲೆ ರಜೆ ಕೊಡಲಾಗಿತ್ತೋ ಅವುಗಳ ಮೂಲ ಅಥವಾ ದೃಢೀಕೃತ ನಕಲನ್ನು ನೋಡಿಯೇ ಈ ತೀರ್ಮಾನಕ್ಕೆ ಬಂದಿದ್ದೇನೆ ಎಂಬುದು. ನಕಲು ಇಲ್ಲದೆ ಹೋದರೆ ವೈದ್ಯರು ಈ ಎರಡನೇ ಮಾತನ್ನು ಬರೆಯುವುದಾದರೂ ಹೇಗೆ? ಶಸ್ತ್ರಚಿಕಿತ್ಸೆ ಮಾಡಿದವರು ಒಬ್ಬರು, ಊರಿನಲ್ಲಿ ನೋಡಿಕೊಂಡವರು ಇನ್ನೊಬ್ಬರು ಎಂದಾದಾಗ ಇದು ಇನ್ನೂ ಮುಖ್ಯ. ಆಗ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯನ್ನೂ ಒಯ್ಯಿರಿ.

ನಮ್ಮ ಗುಮಾಸ್ತೆಗೆ ಜುಲೈ 1ಕ್ಕೆ ನೋವು ಪೂರ್ತಿ ಹೋಗಿರಲಿಲ್ಲ. ವೈದ್ಯರು ಇನ್ನೂ 10 ದಿನ ವಿಶ್ರಾಂತಿ ಹೇಳಿದರು. ಆ ಎರಡನೇ ಪ್ರಮಾಣಪತ್ರದ ಅವಧಿ ಜುಲೈ 2ರಿಂದಲೇ ಶುರುವಾಗಬೇಕು. ಮೂರನೇ ತಾರೀಖಿನಿಂದ ಎಂದು ಬರೆದಿದ್ದರೆ ಮಧ್ಯದ ಒಂದು ದಿನಕ್ಕೆ ಯಾವ ಆಧಾರವೂ ಇರುವುದಿಲ್ಲ. ರಜೆ ಮುಗಿದ ಮೇಲೂ ಬಾರದೆ ಉಳಿದ ದಿನಕ್ಕೆ, ರಜೆ ವಿಸ್ತರಣೆಯಾಗದಿದ್ದರೆ, ರಜಾ ವೇತನ ಸಿಗದು. ಬೇಕೆಂದೇ ಗೈರಾದರೆಂದು ಕಂಡುಬಂದರೆ ಶಿಸ್ತು ಕ್ರಮಕ್ಕೂ ದಾರಿಯಾಗುತ್ತದೆ. ಹಾಗಾಗಿ ಮೊದಲ ಅವಧಿ ಮುಗಿಯುವ ದಿನ ಅಥವಾ ಅದಕ್ಕೂ ಮುಂಚೆ ವೈದ್ಯರನ್ನು ಕಂಡು, ವಿಸ್ತರಣೆಯ ಅರ್ಜಿಯನ್ನು ಆಗಲೇ ಕಳುಹಿಸಿಬಿಡಿ.

ಈಗ ರಜೆ ಜುಲೈ 11ರ ಶುಕ್ರವಾರಕ್ಕೆ ಮುಗಿಯುತ್ತದೆ. ಒಟ್ಟು 40 ದಿನ. ಆಕೆ ಹಾಜರಾಗಬೇಕಾದದ್ದು 14ರ ಸೋಮವಾರ. ಫಿಟ್‌ನೆಸ್ ಸರ್ಟಿಫಿಕೇಟ್ ಎಂದು ಮಾಡಿಸಬೇಕು? ಸೋಮವಾರ ಬೆಳಿಗ್ಗೆ ಕಚೇರಿಗೆ ಹೋಗುವ ದಾರಿಯಲ್ಲಿ ಮಾಡಿಸಿದರಾಯಿತು ಎಂದುಕೊಂಡವರು ನಷ್ಟ ಅನುಭವಿಸುತ್ತಾರೆ. ಏಕೆಂದರೆ ಅರ್ಹರೆಂದು ವೈದ್ಯರು ಪ್ರಮಾಣೀಕರಿಸಿದ ದಿನವೂ ಸೇರಿ ಅಲ್ಲಿಂದ ಮುಂದಿನ ಸರ್ಕಾರಿ ರಜಾದಿನಗಳು ರಜೆಯ ಕೊನೆಗೆ ತಾವಾಗಿ ಸೇರಿಕೊಳ್ಳುತ್ತವೆ, ರಜೆಯ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಹಿಂದಿನ ರಜಾದಿನಗಳು ಮಾತ್ರ ರಜೆಯ ಭಾಗವೇ ಆಗುತ್ತವೆ. ಪ್ರಮಾಣಪತ್ರ 12ರ ಶನಿವಾರದ್ದಾದರೆ ಶನಿವಾರ, ಭಾನುವಾರ ಎರಡೂ ಉಳಿದು ರಜೆ 40 ದಿನಕ್ಕೆ ನಿಲ್ಲುತ್ತದೆ. ಅದೇ ಸೋಮವಾರದ್ದಾದರೆ ಆ ಎರಡು ದಿನಗಳೂ ಸೇರಿ 42 ದಿನ. ಪೂರ್ಣ ಸಂಬಳದ ಪರಿವರ್ತಿತ ರಜೆ ಕೇಳಿದ್ದರೆ, ಅದರ ಒಂದೊಂದು ದಿನಕ್ಕೂ ಅರ್ಧ ವೇತನ ರಜೆಯ ಎರಡೆರಡು ದಿನ ಖರ್ಚಾಗುತ್ತದೆ. 80ರ ಬದಲು 84 ದಿನ ಹೋಯಿತು. ವರ್ಷಕ್ಕೆ ಖಾತೆಗೆ ಬರುವುದೇ 20 ದಿನ ಎಂದಾಗ ನಾಲ್ಕು ದಿನ ಸಣ್ಣದಲ್ಲ.

ಇನ್ನು ಹಾಜರಾಗುವ ದಿನದ ಅರ್ಜಿ. ಇದರಲ್ಲಿ ‘ಫಿಟ್‌ನೆಸ್ ಸರ್ಟಿಫಿಕೇಟ್ ಲಗತ್ತಿಸಿದೆ’ ಎಂದಷ್ಟೇ ಬರೆದರೆ ಸಾಲದು. ಯಾವ ಅವಧಿಯ ರಜೆಗೆ, ಯಾವ ತಾರೀಖಿನ ಪ್ರಮಾಣಪತ್ರ ಎಂಬುದು ಓದಿದ ಕೂಡಲೇ ತಿಳಿಯಬೇಕು. ಅರ್ಜಿ ಇಂಗ್ಲಿಷಿನಲ್ಲಿದ್ದರೂ ಒಳಗಿನ ವಿಷಯ ಇದೇ ಇರಲಿ:

‘ವಿಷಯ: ವೈದ್ಯಕೀಯ ರಜೆಯ ನಂತರ ಕರ್ತವ್ಯಕ್ಕೆ ಹಾಜರಾಗುವ ಕುರಿತು.

ಮಾನ್ಯರೇ, ಶಸ್ತ್ರಚಿಕಿತ್ಸೆಯ ನಿಮಿತ್ತ ನಾನು 02-06-2025ರಿಂದ 11-07-2025ರವರೆಗೆ 40 ದಿನ ರಜೆಯಲ್ಲಿದ್ದೆ. ಇದಕ್ಕೆ ಸಂಬಂಧಿಸಿದ 02-06-2025 ಮತ್ತು 01-07-2025ರ ವೈದ್ಯಕೀಯ ಪ್ರಮಾಣಪತ್ರಗಳನ್ನು ಈಗಾಗಲೇ ಸಲ್ಲಿಸಿದ್ದೇನೆ. ನಾನು ಕರ್ತವ್ಯಕ್ಕೆ ಮರಳಲು ಅರ್ಹಳೆಂದು ವೈದ್ಯರು 12-07-2025ರಂದು ನೀಡಿದ ಪ್ರಮಾಣಪತ್ರದ ಮೂಲ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. 12 ಮತ್ತು 13ರ ರಜಾದಿನಗಳನ್ನು ರಜೆಯ ಕೊನೆಗೆ ಸೇರಿಸಿ, ಮೇಲಿನ 40 ದಿನಗಳನ್ನು ಪರಿವರ್ತಿತ ರಜೆಯಾಗಿ ಮಂಜೂರು ಮಾಡಿ, 14-07-2025ರ ಪೂರ್ವಾಹ್ನ ಕರ್ತವ್ಯಕ್ಕೆ ಹಾಜರುಪಡಿಸಿಕೊಳ್ಳಬೇಕೆಂದು ಕೋರುತ್ತೇನೆ.’

ಕಾಯಿಲೆಯ ಕಥೆಯನ್ನು ಅರ್ಜಿಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಅದು ವೈದ್ಯರ ಪತ್ರದಲ್ಲಿ ಇದ್ದೇ ಇರುತ್ತದೆ. ಕೊನೆಯಲ್ಲಿ ಲಗತ್ತುಗಳ ಪಟ್ಟಿ ಕೊಡಿ. ನಮೂನೆ 5ರ ಮೇಲ್ಭಾಗದಲ್ಲಿ ನೌಕರರ ಸಹಿಗೆ ಜಾಗವಿದೆ, ವೈದ್ಯರ ಎದುರೇ ಅಲ್ಲಿ ಸಹಿ ಹಾಕಿ. ‘ಮೇಲೆ ಸಹಿ ಮಾಡಿರುವವರನ್ನು ಪರೀಕ್ಷಿಸಿದ್ದೇನೆ’ ಎಂದೇ ವೈದ್ಯರು ಬರೆಯುವುದರಿಂದ ಆ ಜಾಗ ಖಾಲಿ ಇದ್ದರೆ ಪತ್ರ ತಿರುಗಿ ಬರಬಹುದು.

ಬೇಗ ವಾಸಿಯಾಯಿತೆಂದು ರಜೆ ಮುಗಿಯುವ ಮೊದಲೇ ಹೊರಡುವವರು, ರಜೆ ಮಂಜೂರು ಮಾಡಿದ ಅಧಿಕಾರಿಯ ಅನುಮತಿಯನ್ನು ಮೊದಲು ಪಡೆಯಬೇಕು. ಫಿಟ್‌ನೆಸ್ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಆ ಅನುಮತಿ ಸಿಕ್ಕಂತಲ್ಲ.

ಕೆಲವು ವೈದ್ಯರು ಕಾಳಜಿಯಿಂದ ‘ಅರ್ಹರು, ಆದರೆ ಎರಡು ವಾರ ಹಗುರ ಕೆಲಸ ಮಾತ್ರ’ ಎಂದು ಬರೆಯುತ್ತಾರೆ. ಕಚೇರಿ ಇದನ್ನು ಪೂರ್ತಿ ಗುಣವಾಗಿಲ್ಲ ಎಂದೇ ಓದುವ ಸಾಧ್ಯತೆ ಇದೆ. ಅಂಥ ಸಲಹೆ ಬೇಕಿದ್ದರೆ ಪ್ರತ್ಯೇಕ ಪತ್ರದಲ್ಲಿ ಬರೆಸಿ, ಮೇಲಧಿಕಾರಿಯೊಂದಿಗೆ ಮಾತನಾಡಿ. ಆದರೆ ಕುಳಿತು ಕೆಲಸ ಮಾಡಲು ನಿಜಕ್ಕೂ ಆಗದಿದ್ದರೆ ಆ ಮಾತನ್ನು ಅಳಿಸಿಕೊಡಿ ಎಂದು ವೈದ್ಯರನ್ನು ಒತ್ತಾಯಿಸಬೇಡಿ. ಅದಕ್ಕಿಂತ ರಜೆ ವಿಸ್ತರಿಸುವುದು ಮೇಲು. ಕಾಯಿಲೆಯಿಂದ ಶಾಶ್ವತ ಅಂಗವೈಕಲ್ಯ ಉಳಿದವರು ಕೆಲಸ ಹೋಗುತ್ತದೆಂಬ ಭಯಕ್ಕೆ ಏನನ್ನೂ ಮುಚ್ಚಿಡಬೇಕಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಉಂಟಾದ ಸರ್ಕಾರಿ ನೌಕರರನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಿಂದ ಕೆಳಗಿಳಿಸುವಂತಿಲ್ಲ. ಇದ್ದ ಹುದ್ದೆಯ ಕೆಲಸ ಮಾಡಲಾಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆಗೆ ಬದಲಿಸಬೇಕು.

ಅರ್ಜಿಯನ್ನು ಎರಡು ಪ್ರತಿ ಮಾಡಿಕೊಂಡು ಹೋಗಿ, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಆದೇಶ ಬಂದ ಮೇಲೆ ಸೇವಾ ಪುಸ್ತಕದ ರಜೆ ಲೆಕ್ಕದಲ್ಲಿ 80 ದಿನವೇ ಕಳೆದಿದೆಯೇ ಎಂದು ಒಮ್ಮೆ ನೋಡಿ.