ನಿವ್ವಳ ಆಸ್ತಿ: ಅಡವಿಟ್ಟ ಒಡವೆಯ ಲೆಕ್ಕ

ಇರುವ ಆಸ್ತಿಯ ಬೆಲೆಯಿಂದ ತೀರಿಸಬೇಕಾದ ಸಾಲವನ್ನು ಕಳೆದರೆ ಉಳಿಯುವುದೇ ನಿವ್ವಳ ಆಸ್ತಿ. ಈ ಲೆಕ್ಕ ಹೆಚ್ಚಾಗಿ ಎಡವುವುದು ಚಿನ್ನದಲ್ಲಿ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತೋಟ 40 ಲಕ್ಷ ರೂಪಾಯಿ, ಗೋದಾಮಿನಲ್ಲಿರುವ ಅಡಿಕೆ 3 ಲಕ್ಷ. ಒಡವೆಗಳ ತೂಕ 100 ಗ್ರಾಂ. ಹರಳು, ಅರಗು ಸೇರಿ 8 ಗ್ರಾಂ ಕಳೆದರೆ ಚಿನ್ನ 92 ಗ್ರಾಂ. 22 ಕ್ಯಾರೆಟ್ ಚಿನ್ನಕ್ಕೆ ಗ್ರಾಮಿಗೆ 10,000 ರೂ. ಎಂದಿಟ್ಟುಕೊಂಡರೆ 9,20,000 ರೂ. ಆಯಿತು. ಮಾಡಿಸಿದ ಮಜೂರಿಯನ್ನು ಇದಕ್ಕೆ ಸೇರಿಸಕೂಡದು; ಮಾರುವಾಗ ಅದು ಮರಳಿ ಬಾರದು.

ಈ ಚಿನ್ನದಲ್ಲಿ 40 ಗ್ರಾಂ ಅಡವಿನಲ್ಲಿದೆ. ಅದು ಮನೆಯಲ್ಲಿಲ್ಲವೆಂದು ಆಸ್ತಿಯಿಂದ ಬಿಟ್ಟು, ಸಾಲವನ್ನು ಮಾತ್ರ ಬರೆದರೆ 4 ಲಕ್ಷ ರೂ. ಸುಮ್ಮನೆ ಕಳೆದುಹೋಗುತ್ತದೆ. ಅಡವಿಟ್ಟರೂ ಒಡೆತನ ನಮ್ಮದೇ. ಆದ್ದರಿಂದ ಪೂರ್ತಿ ಬೆಲೆಯನ್ನು ಆಸ್ತಿಯಲ್ಲೂ, ಅಸಲು 2,00,000 ಮತ್ತು ಈವರೆಗಿನ ಬಡ್ಡಿ 12,000 ರೂ. ಅನ್ನು ಸಾಲದಲ್ಲೂ ಬರೆಯಬೇಕು.

ಮನೆಯೊಡತಿ ಎಸ್ಟೇಟ್ ಕಛೇರಿಯಲ್ಲಿ ಕೆಲಸದಲ್ಲಿದ್ದಾರೆ. ಅವರ ಭವಿಷ್ಯನಿಧಿ ಪಾಸ್‌ಬುಕ್ಕಿನಲ್ಲಿ ನೌಕರರ ಪಾಲು, ಮಾಲೀಕರ ಪಾಲು ಕೂಡಿ 6 ಲಕ್ಷ ರೂ. ಇದೆ. ಪಕ್ಕದ ಪಿಂಚಣಿ ವಂತಿಗೆಯ ಅಂಕಣವನ್ನು ಇದಕ್ಕೆ ಕೂಡಿಸಬಾರದು. ಅದು ಖಾತೆಯ ಶಿಲ್ಕಲ್ಲ.

ಒಟ್ಟು ಆಸ್ತಿ 58,20,000. ಬೆಳೆಸಾಲ 3 ಲಕ್ಷ, ಅಡಿಕೆಯ ಮೇಲಿನ ಮುಂಗಡ 1 ಲಕ್ಷ, ಒಡವೆ ಸಾಲ ಬಡ್ಡಿ ಸಹಿತ 2,12,000, ಅಂತೂ ಸಾಲ 6,12,000. ನಿವ್ವಳ 52,08,000 ರೂ. ಇದರಲ್ಲಿ ತೋಟದ್ದೇ 40 ಲಕ್ಷವಿರುವುದರಿಂದ, ಅದಕ್ಕೆ ಆಸೆಯ ಬೆಲೆ ಹಾಕದೆ, ಅಕ್ಕಪಕ್ಕದಲ್ಲಿ ಇತ್ತೀಚೆಗೆ ನಡೆದ ಮಾರಾಟದ ಬೆಲೆಯನ್ನೇ ಹಿಡಿಯತಕ್ಕದ್ದು.