ಕಿಲೋ ಲೆಕ್ಕದ ಕಾಫಿ ಕುಯ್ಲು: ಚೀಟಿ ನಮ್ಮ ಕೈಯಲ್ಲೇ ಇರಲಿ

ರಾಯಚೂರು ಕಡೆಯಿಂದ ಸಕಲೇಶಪುರದ ಕಾಫಿ ಕುಯ್ಲಿಗೆ ಹೊರಡುವವರಿಗೆ ಮೇಸ್ತ್ರಿ ಹೇಳುವ ಮೊದಲ ಮಾತೇ ‘ಕಿಲೋಗೆ ಐದು ರೂಪಾಯಿ’. ಆ ಮಾತು ಕೇಳಿಯೇ ಗಂಟು ಕಟ್ಟಬೇಡಿ. ಗಿಡದಲ್ಲಿ ಹಣ್ಣು ಎಷ್ಟಿದೆ ಅನ್ನುವುದರ ಮೇಲೆ ಕೂಲಿ ನಿಲ್ಲುತ್ತದೆ. ಅರೇಬಿಕಾದ ಮೊದಲ ಸುತ್ತಿನಲ್ಲಿ ಕೆಂಪಾದದ್ದನ್ನಷ್ಟೇ ಆರಿಸಿ ಬಿಡಿಸಬೇಕು, ಇಡೀ ದಿನ ದುಡಿದರೂ ನನಗೆ ಐವತ್ತು ಕಿಲೋ ದಾಟುತ್ತಿರಲಿಲ್ಲ. ಅಂದರೆ 250 ರೂಪಾಯಿ. ಅದೇ ತೋಟದಲ್ಲಿ ದಿನಗೂಲಿ 450 ಇತ್ತು. ತೊಂಬತ್ತು ಕಿಲೋ ಕುಯ್ದರೆ ಮಾತ್ರ ಎರಡೂ ಸಮ. ರೋಬಸ್ಟಾ ತುಂಬಿ ಹಣ್ಣಾದಾಗ ಅಷ್ಟು ಸಲೀಸಾಗಿ ಆಗುತ್ತದೆ. ಹಾಗಾಗಿ ಮೊದಲ ಸುತ್ತು ದಿನಗೂಲಿಗೆ, ಆಮೇಲಿನದು ಕಿಲೋ ಲೆಕ್ಕಕ್ಕೆ ಎಂದು ಊರಲ್ಲೇ ಮಾತಾಡಿಕೊಳ್ಳಿ.

ನಮ್ಮ ಮೇಸ್ತ್ರಿ ಬೇರೆ ಯಾರೂ ಅಲ್ಲ, ನನ್ನ ಸೋದರಮಾವನ ಮಗ. ಸಂಜೆ ತೂಕವಾದ ಮೇಲೆ ಅವನೇ ಬರೆದುಕೊಳ್ಳುವುದು, ಸಂತೆಯ ದಿನ ಖರ್ಚಿಗೆಂದು ಅಷ್ಟಿಷ್ಟು ಕೊಡುವುದು, ಉಳಿದದ್ದು ಕುಯ್ಲು ಮುಗಿದ ಮೇಲೆ. ನಾನೂ ಗಂಡನೂ ಬೇರೆ ಪುಸ್ತಕ ಇಟ್ಟಿದ್ದೆವು. ತಕ್ಕಡಿಯ ಮುಳ್ಳು ನಿಂತಾಗ ಕಂಡದ್ದನ್ನೇ ಬರೆಯುತ್ತಿದ್ದೆ.

ಬಟವಾಡೆಯ ರಾತ್ರಿ ಲೈನ್ ಮನೆಯ ಮುಂದೆ ಅವನು ಲೆಕ್ಕ ಓದಿದ. ಊರಲ್ಲಿ ಕೊಟ್ಟ ಮುಂಗಡ ಕಳೆದ, ಅಕ್ಕಿ ಬೇಳೆ ಕಳೆದ, ಅದು ಸರಿಯೇ. ಆದರೆ ಕಿಲೋಗಳೇ ಕಡಿಮೆ. ‘ಚೀಲದ ತೂಕ, ಹಸಿ ಎಲ್ಲ ಸೇರಿ ಚೀಲಕ್ಕೆ ಎರಡು ಕಿಲೋ ಹೋಗುತ್ತೆ ಅಕ್ಕಾ, ತೋಟದವರೇ ಹಿಡಿದದ್ದು’ ಅಂದ. ನಾವಿಬ್ಬರೂ ದಿನಕ್ಕೆ ನಾಲ್ಕು ಚೀಲ ತುಂಬಿದರೆ ನಲವತ್ತು ರೂಪಾಯಿ ಹೋಯಿತು ಎಂದರ್ಥ. ಬೆಳಿಗ್ಗೆಗೆ ಊರಿನ ಗಾಡಿ ಬರುವುದಿತ್ತು, ಮಕ್ಕಳು ಗಂಟಿನ ಮೇಲೆಯೇ ಮಲಗಿದ್ದರು, ಜೊತೆಯವರು ‘ಬಿಡವ್ವ, ನೆಂಟರ ನಡುವೆ ಯಾಕೆ’ ಅಂದರು. ನೆಂಟನಾದದ್ದಕ್ಕೇ ನನಗೆ ಹೊಟ್ಟೆ ಉರಿಯಿತು. ಖಾಲಿ ಚೀಲ ತೆಗೆದುಕೊಂಡು ರೈಟರ್ ಮನೆಗೆ ಹೋಗಿ, ಗೋದಾಮಿನ ಬೀಗ ತೆಗೆಸಿ ತೂಗಿಸಿದೆ. ಪ್ಲಾಸ್ಟಿಕ್ ಚೀಲ, ಕಾಲು ಕಿಲೋ ಕೂಡ ಬರಲಿಲ್ಲ. ರೈಟರ್ ತೋಟದ ಪುಸ್ತಕ ಬಿಚ್ಚಿದರು. ಅಲ್ಲಿ ನನ್ನ ಲೆಕ್ಕದ ಕಿಲೋಗಳೇ ಇದ್ದವು, ಮೇಸ್ತ್ರಿಯ ಕಮಿಷನ್ ಬೇರೆಯಾಗಿ ಬರೆದಿತ್ತು. ಎರಡೂ ಕಡೆ ತಿಂದಿದ್ದ! ಕಡೆಗೆ ನಮ್ಮ ಹಣ ಕೊಟ್ಟ. ಪುಸ್ತಕ ಇಡದವರಿಗೆ ಅರ್ಧವೂ ಸಿಗಲಿಲ್ಲ.

ತೂಗಿದ ಕೂಡಲೇ ರೈಟರ್ ಸಹಿಯ ಚೀಟಿ ಕೇಳಿ. ಬಾಕಿಯನ್ನು ಕೊನೆಯವರೆಗೆ ಬೆಳೆಯಲು ಬಿಡದೆ ವಾರವಾರ ಲೆಕ್ಕ ಮಾಡಿಸಿ, ಮಳೆ ಬಂದು ಕೆಲಸ ನಿಂತ ದಿನಕ್ಕೆ ಏನು ಕೊಡುತ್ತಾರೆಂದೂ ಕೇಳಿ. ಲೈನ್ ಮನೆಯನ್ನು ಗಂಟು ಇಳಿಸುವ ಮೊದಲೇ ನೋಡಿ: ಬಾಗಿಲಿಗೆ ಚಿಲಕ, ಹತ್ತಿರ ನೀರು, ಒಂದು ಕೋಣೆಗೆ ಎಷ್ಟು ಮನೆಯವರು. ಕೊನೆಯ ಬಟವಾಡೆ ಗಾಡಿ ಬರುವ ಎರಡು ದಿನ ಮುಂಚೆಯೇ ಆಗಲಿ, ತೋಟದ ಪುಸ್ತಕ ಎದುರಿಗಿಟ್ಟುಕೊಂಡು.