ಕಂಬಳಿಯ ಪೋಸ್ಟಿನಲ್ಲಿ ರಾಟೆಯ ಲೆಕ್ಕವೂ ಇರಲಿ

‘ಶುದ್ಧ ಉಣ್ಣೆ ಕಂಬಳಿ. ಉತ್ತಮ ಗುಣಮಟ್ಟ. ಕೈಮಗ್ಗದ್ದು. ಬೆಲೆಗೆ ಕರೆ ಮಾಡಿ.’

ಹಿರಿಯೂರು, ಹೊಸದುರ್ಗದ ಕಡೆಯಿಂದ ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳಲ್ಲಿ ಹರಿದಾಡುವ ಕಂಬಳಿ ಪೋಸ್ಟುಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪಾಣಿಪತ್ತಿನಿಂದ ಬರುವ, ಹಳೆಯ ಬಟ್ಟೆ ಚಿಂದಿಯ ನೂಲಿನಿಂದ ಕಾರ್ಖಾನೆಯಲ್ಲಿ ತಯಾರಾದ ಹೊದಿಕೆ ಮಾರುವವನೂ ‘ಉಣ್ಣೆ, ಉತ್ತಮ ಗುಣಮಟ್ಟ’ ಎಂದೇ ಬರೆಯುತ್ತಾನೆ. ಓದುವವರಿಗೆ ಎರಡೂ ಒಂದೇ. ಹಾಗಾಗಿ ಕರೆ ಮಾಡಿದವರ ಮೊದಲ ಮಾತು ‘ಅಂಗಡೀಲಿ ನಾನೂರಕ್ಕೆ ಸಿಗುತ್ತಲ್ರೀ’ ಎಂದೇ ಇರುತ್ತದೆ. ಅಲ್ಲಿಂದ ನೇಕಾರರದು ಬರೀ ಸಮಜಾಯಿಷಿ.

ಇದಕ್ಕೆ ಬದಲಾಗಿ ಕೆಲವರು ಸೀರೆ ಅಂಗಡಿಯ ಭಾಷೆ ಎರವಲು ತರುತ್ತಾರೆ. ‘ರಾಯಲ್ ಲುಕ್’, ‘ಎಕ್ಸ್‌ಕ್ಲೂಸಿವ್ ಕಲೆಕ್ಷನ್’. ಒಬ್ಬರಂತೂ ಕಂಬಳಿಯ ಪಕ್ಕ ‘ಜಿಐ ಟ್ಯಾಗ್’ ಎಂದು ಹಾಕಿದ್ದರು. ನಮ್ಮ ಜಿಲ್ಲೆಯ ಮೊಳಕಾಲ್ಮುರು ರೇಷ್ಮೆ ಸೀರೆಗೆ ಆ ಮಾನ್ಯತೆ ಇರುವುದು ನಿಜ. ಅದು ಸೀರೆಗೆ ಸಂದದ್ದು, ಕಂಬಳಿಗಲ್ಲ. ಕರಿಕಂಬಳಿಗೆ ಎರವಲು ಮಾತು ಬೇಕಾಗಿಲ್ಲ. ಅದು ಆದ ರೀತಿ ಬರೆದರೆ ಸಾಕು.

ಬರೆಯುವ ಕೆಲಸ ಸಾಮಾನ್ಯವಾಗಿ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗ ಅಥವಾ ಮಗಳ ಪಾಲಿಗೆ ಬರುತ್ತದೆ. ಈ ಲೇಖನ ಅವರಿಗೇ.

ಮೊದಲು ಕೇಳಿ, ಆಮೇಲೆ ಬರೆಯಿರಿ

ಫೋನ್ ಕೆಳಗಿಟ್ಟು, ಮನೆಯವರ ಪಕ್ಕ ಕೂತು, ಉಣ್ಣೆ ಮನೆಗೆ ಬಂದಲ್ಲಿಂದ ಕಂಬಳಿ ಮಡಚಿಡುವವರೆಗೆ ಏನೇನು ನಡೆಯುತ್ತದೆ ಎಂದು ಕೇಳಿ ಬರೆದುಕೊಳ್ಳಿ. ನಮ್ಮ ಕಡೆಯ ಕಂಬಳಿ ಡೆಕ್ಕನಿ ಕುರಿಯ ಉಣ್ಣೆಯದು. ಕುರಿಯ ಮೈ ತೊಳೆದು ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಕಸ, ಮುಳ್ಳು ಆರಿಸಿ ಹಿಂಜುತ್ತಾರೆ. ರಾಟೆಯಲ್ಲಿ ನೂಲುತ್ತಾರೆ. ಹಾಸು ಹೂಡುತ್ತಾರೆ. ಹುಣಸೆ ಬೀಜ ನೆನೆಸಿ, ಅರೆದು, ಬೇಯಿಸಿ ಮಾಡಿದ ಗಂಜಿಯನ್ನು ಹಾಸಿನ ನೂಲಿಗೆ ಕುಂಚದಿಂದ ಬಳಿದು ಬಿಸಿಲಲ್ಲಿ ಒಣಗಿಸುತ್ತಾರೆ. ಅದಾದ ಮೇಲೆ ಗುಂಡಿಮಗ್ಗದಲ್ಲಿ ಕೂತು ನೇಯುತ್ತಾರೆ. ಕೊನೆಗೆ ಅಂಚು ಕಟ್ಟುವುದು, ಗಂಟು ತೆಗೆಯುವುದು.

ನಿಮ್ಮ ಮನೆಯಲ್ಲಿ ಇದರಲ್ಲಿ ಯಾವುದು ನಡೆಯುವುದಿಲ್ಲವೋ ಅದನ್ನು ಹೊಡೆದುಹಾಕಿ. ಹಿಂಜುವುದು ಈಗ ಎಷ್ಟೋ ಕಡೆ ಮೆಷಿನ್ನಿನಲ್ಲೇ ಆಗುತ್ತದೆ. ಕೆಲವರು ಹಾಸಿಗೆ ಮಿಲ್ಲಿನ ನೂಲು ಕೊಂಡು, ಹೊಕ್ಕಿಗೆ ಮಾತ್ರ ಮನೆಯ ನೂಲು ಹಾಕುತ್ತಾರೆ. ಹಾಗಿದ್ದರೆ ಹಾಗೆಂದೇ ಬರೆಯಿರಿ. ‘ಮೆಷಿನ್ನಿನಲ್ಲಿ ಹಿಂಜಿದ ಉಣ್ಣೆ, ಕೈಯಲ್ಲಿ ನೂತದ್ದು’ ಎಂಬ ಸಾಲಿನಿಂದ ಗಿರಾಕಿ ಓಡಿಹೋಗುವುದಿಲ್ಲ. ಮಿಲ್ ನೂಲನ್ನು ಕೈನೂಲು ಎಂದು ಮಾರಿದ್ದು ಗೊತ್ತಾದರೆ ಓಡಿಹೋಗುತ್ತಾನೆ, ಇನ್ನಿಬ್ಬರನ್ನೂ ಕರೆದುಕೊಂಡು.

ಕೊಂಡು ತಂದ ನೂಲಿನ ಮೇಲೆ ನಿಮಗೇ ಅನುಮಾನವಿದ್ದರೆ ಒಂದೆಳೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್, ಪಾಲಿಯೆಸ್ಟರ್ ಸೇರಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿ ಸಿಕ್ಕರೆ ‘ಶುದ್ಧ’ ಎಂಬ ಮಾತನ್ನು ಪೋಸ್ಟಿನಿಂದ ತೆಗೆಯಿರಿ.

ಗಂಟೆ ಎಣಿಸುವಲ್ಲಿ ಎಲ್ಲರೂ ಎಡವುತ್ತಾರೆ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಒಂದು ಕಂಬಳಿಗೆ ಎಷ್ಟು ಹೊತ್ತು ಬೇಕು ಎಂದು ನೇಕಾರರನ್ನು ಕೇಳಿ ನೋಡಿ, ‘ಎರಡು ದಿನ’ ಎನ್ನುತ್ತಾರೆ. ಅವರು ಹೇಳುತ್ತಿರುವುದು ಮಗ್ಗದ ಗುಂಡಿಯಲ್ಲಿ ಕಾಲಿಟ್ಟ ಹೊತ್ತಿನಿಂದ ಎದ್ದ ಹೊತ್ತಿನವರೆಗಿನ ಲೆಕ್ಕ. ಮಗನೂ ಅದನ್ನೇ ಪೋಸ್ಟಿಗೆ ಹಾಕುತ್ತಾನೆ. ಓದಿದವರು ಎರಡು ದಿನದ ಕೂಲಿ ಎಷ್ಟೆಂದು ಮನಸ್ಸಿನಲ್ಲೇ ಗುಣಿಸಿ, ‘ಇಷ್ಟೊಂದು ಬೆಲೆ ಯಾಕೆ’ ಎನ್ನುತ್ತಾರೆ. ಅವರ ತಪ್ಪಿಲ್ಲ.

ಬಿಟ್ಟುಹೋದದ್ದು ಅಮ್ಮನ, ಅಜ್ಜಿಯ, ಪಕ್ಕದ ಮನೆಯ ಅಕ್ಕನ ಕೆಲಸ. ನೂಲುವುದು ಬಹುಪಾಲು ಹೆಂಗಸರ ಕೈಯಲ್ಲಿದೆ. ಅಡುಗೆ ಮುಗಿದ ಮೇಲೆ, ಹೊಲದಿಂದ ಬಂದ ಮೇಲೆ ಅರ್ಧ ಗಂಟೆ, ಒಂದು ಗಂಟೆ ಹೀಗೆ ಚೂರುಚೂರಾಗಿ ನಡೆಯುವುದರಿಂದ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅವರನ್ನೇ ಕೇಳಿದರೆ ‘ಅದೇನ್ ಕೆಲ್ಸನಪ್ಪ, ಕುಂತಲ್ಲೇ ನೂಲ್ತೀವಿ’ ಎಂದುಬಿಡುತ್ತಾರೆ. ಆ ಮಾತು ನಂಬಬೇಡಿ. ಕೈನೂಲಿನ ಕಂಬಳಿಯಲ್ಲಿ ಮಗ್ಗಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ರಾಟೆ.

ಅಳೆಯುವುದು ಸುಲಭ. ಅಮ್ಮ ನೂಲಲು ಕೂತಾಗ ಫೋನಿನಲ್ಲಿ ಒಂದು ಗಂಟೆಯ ಅಲಾರಂ ಇಡಿ. ಗಂಟೆಯಾದ ಮೇಲೆ ನೂಲನ್ನು ತೂಗಿ. ಕಿರಾಣಿ ಅಂಗಡಿಯ ತಕ್ಕಡಿ ಸಾಕು. ಒಮ್ಮೆ ತೂಗಿದ್ದನ್ನೇ ನಂಬದೆ ಬೇರೆ ಬೇರೆ ದಿನ ಮಾಡಿ ಸರಾಸರಿ ತೆಗೆಯಿರಿ. ಎದುರಿಗೆ ಅಲಾರಂ ಇದ್ದರೆ ಮೊದಲ ದಿನ ಎಲ್ಲರೂ ಜೋರಾಗಿಯೇ ನೂಲುತ್ತಾರೆ. ಗಂಟೆಗೆ 80 ಗ್ರಾಂ ಬಂತು, ಒಂದು ಕಂಬಳಿಗೆ 2 ಕೆ.ಜಿ. ನೂಲು ಬೇಕು ಎಂದಿಟ್ಟುಕೊಳ್ಳಿ. 2000ವನ್ನು 80ರಿಂದ ಭಾಗಿಸಿದರೆ 25 ಗಂಟೆ. ಇದು ಮಾದರಿಗೆ ಹೇಳಿದ ಅಂಕಿ. ನಿಮ್ಮ ಉಣ್ಣೆ, ನಿಮ್ಮ ಕೈ, ನೂಲಿನ ದಪ್ಪ ಬೇರೆಯಾದರೆ ಅಂಕಿಯೂ ಬೇರೆ.

ಹೀಗೇ ಉಳಿದದ್ದನ್ನೂ ಸೇರಿಸಿ. ಆರಿಸಿ ಹಿಂಜಲು 5 ಗಂಟೆ. ಹಾಸು ಹೂಡಲು 8 ಗಂಟೆ, ಗಂಜಿ ಮಾಡಿ ಬಳಿಯಲು 6 ಗಂಟೆ ಆಯಿತು, ಆದರೆ ಆ ಒಂದು ಹಾಸಿನಿಂದ ಎರಡು ಕಂಬಳಿ ಬಂದವು ಎನ್ನೋಣ. ಆಗ ಒಂದರ ಪಾಲಿಗೆ ಬರುವುದು 4 ಮತ್ತು 3 ಗಂಟೆ. ಇದನ್ನು ಭಾಗಿಸಲು ಮರೆತರೆ ಲೆಕ್ಕ ಉಬ್ಬುತ್ತದೆ. ನೇಯಲು 12, ಕೊನೆಯ ಕೆಲಸಕ್ಕೆ 2. ಒಟ್ಟು 51 ಗಂಟೆ. ಅಪ್ಪ ಹೇಳಿದ ‘ಎರಡು ದಿನ’ ಇದರಲ್ಲಿ ಕಾಲುಭಾಗವೂ ಇಲ್ಲ!

ಇನ್ನೊಂದು ತಪ್ಪು ಇದರ ಉಲ್ಟಾ. ಗಂಜಿ ಬಳಿದ ಹಾಸು ಒಣಗಲು ತೆಗೆದುಕೊಂಡ ಹೊತ್ತು, ಮಳೆ ಬಂದು ಕಾದ ದಿನ ಎಲ್ಲವನ್ನೂ ಸೇರಿಸಿ ‘ಒಂದು ತಿಂಗಳ ಶ್ರಮ’ ಎಂದು ಬರೆಯುವುದು. ಕಾಯುವುದು ಬೇರೆ, ದುಡಿಯುವುದು ಬೇರೆ. ಎರಡನ್ನೂ ಹೇಳಿ, ಆದರೆ ಬೇರೆ ಬೇರೆಯಾಗಿ: ‘51 ಗಂಟೆ ಕೈಕೆಲಸ. ಉಣ್ಣೆಯಿಂದ ಕಂಬಳಿಯಾಗಲು ಸುಮಾರು ಮೂರು ವಾರ. ಗಂಜಿ ಒಣಗಲು ಬಿಸಿಲು ಬೇಕಾದ್ದರಿಂದ ಮಳೆಗಾಲದಲ್ಲಿ ಇನ್ನೂ ತಡ.’ ಹೀಗೆ ಬರೆದರೆ ಆರ್ಡರ್ ಕೊಟ್ಟವರು ದಿನಾ ಫೋನ್ ಮಾಡಿ ‘ಆಯ್ತಾ’ ಎಂದು ಕೇಳುವುದೂ ತಪ್ಪುತ್ತದೆ.

ಕುಂದು ಅನ್ನಿಸುವುದನ್ನು ಮೊದಲೇ ಹೇಳಿ

ಬೆಂಗಳೂರಿನ ಗಿರಾಕಿ ಕಂಬಳಿ ವಾಪಸ್ ಕಳಿಸುವುದಕ್ಕೆ ಕೊಡುವ ಕಾರಣಗಳು ಸಾಮಾನ್ಯವಾಗಿ ಮೂರು: ಗಡಸು, ಚುಚ್ಚುತ್ತದೆ, ವಾಸನೆ. ಮೂರಕ್ಕೂ ಕಾರಣ ಕಂಬಳಿ ಆದ ರೀತಿಯಲ್ಲೇ ಇದೆ. ಹೊಸ ಕಂಬಳಿಯ ಗಡಸು ಹುಣಸೆ ಬೀಜದ ಗಂಜಿಯದು. ನೇಯುವಾಗ ಉಣ್ಣೆ ನೂಲು ಉಜ್ಜಿ ಹರಿಯದಂತೆ ಕಾಯ್ದದ್ದು ಅದೇ. ಬಳಸುತ್ತ ಹೋದಂತೆ ಮೆತ್ತಗಾಗುತ್ತದೆ. ಡೆಕ್ಕನಿ ಕುರಿಯ ಉಣ್ಣೆ ಸ್ವಭಾವತಃ ದಪ್ಪ, ಬರಿಮೈಗೆ ಚುಚ್ಚುತ್ತದೆ, ಒಳಗೊಂದು ಹತ್ತಿಯ ದುಪ್ಪಟಿ ಬೇಕು. ಕುರಿಯ, ಗಂಜಿಯ ವಾಸನೆ ಕೆಲವು ದಿನ ಗಾಳಿಗೆ ಹರವಿದರೆ ಇಳಿಯುತ್ತದೆ.

ಇದನ್ನು ಮುಚ್ಚಿಟ್ಟು ‘ಮೃದು’ ಎಂದು ಬರೆಯುವವರಿದ್ದಾರೆ. ಮೃದುವಾದದ್ದು ಬೇಕಿದ್ದವರು ಮೆರಿನೋ ಶಾಲು ಕೊಳ್ಳಲಿ. ಕುರಿಗಾಹಿಯ ಹೆಗಲ ಮೇಲೆ ಮಳೆ ಹನಿ ತಡೆದ, ದೇವರ ಗದ್ದಿಗೆಗೆ ಹಾಸುವ ಕರಿಕಂಬಳಿ ಬೇಕೆಂದು ಬರುವವರು ಬೇರೆಯೇ ಇದ್ದಾರೆ. ಪೋಸ್ಟು ಬರೆಯಬೇಕಾದ್ದು ಅವರಿಗೆ.

ಈಗ ಬರೆಯೋಣ

ಮೊಬೈಲಿನಲ್ಲಿ ಉದ್ದದ ಪೋಸ್ಟಿನ ಮೊದಲ ಕೆಲವು ಸಾಲಷ್ಟೇ ಕಾಣುತ್ತದೆ, ಉಳಿದದ್ದು ‘ಇನ್ನಷ್ಟು’ ಒತ್ತಿದರೆ ಮಾತ್ರ. ಆದ್ದರಿಂದ ನಮಸ್ಕಾರ, ಹೂವಿನ ಚಿತ್ರ ಬಿಟ್ಟು ಗಂಟೆ ಮತ್ತು ಕೈಗಳಿಂದಲೇ ಶುರು ಮಾಡಿ. ಮೇಲಿನ ಲೆಕ್ಕದ ಕಂಬಳಿಗೆ ನಾನಾದರೆ ಹೀಗೆ ಬರೆಯುತ್ತೇನೆ:

> ಈ ಕಂಬಳಿಯಲ್ಲಿ 51 ಗಂಟೆ ಕೈಕೆಲಸವಿದೆ. ಅದರಲ್ಲಿ 25 ಗಂಟೆ ನಮ್ಮಮ್ಮ ರಾಟೆಯಲ್ಲಿ ನೂತದ್ದು.
>
> ಉಣ್ಣೆ ನಮ್ಮ ಸೀಮೆಯ ಕರಿ ಕುರಿಯದು. ಬಣ್ಣ ಹಾಕಿಲ್ಲ. ಆರಿಸಿ ಹಿಂಜಿ, ನೂತು, ಹಾಸಿಗೆ ಹುಣಸೆ ಬೀಜದ ಗಂಜಿ ಬಳಿದು ಒಣಗಿಸಿ, ನಮ್ಮಪ್ಪ ಗುಂಡಿಮಗ್ಗದಲ್ಲಿ 12 ಗಂಟೆ ಕೂತು ನೇಯ್ದಿದ್ದಾರೆ.
>
> ಹೊಸದರಲ್ಲಿ ಗಡಸಾಗಿರುತ್ತದೆ, ಅದು ಗಂಜಿ. ಬಳಸಿದಂತೆ ಮೆತ್ತಗಾಗುತ್ತದೆ. ಬರಿಮೈಗೆ ಚುಚ್ಚುತ್ತದೆ, ಒಳಗೆ ದುಪ್ಪಟಿ ಹಾಕಿಕೊಳ್ಳಿ.
>
> ಉದ್ದ, ಅಗಲ, ತೂಕ, ಬೆಲೆ: (ತಪ್ಪದೆ ತುಂಬಿ). ಹೊಸದು ಮಾಡಿಕೊಡಲು ಮೂರು ವಾರ ಬೇಕು.

ಇದರಲ್ಲಿ ಹೊಗಳಿಕೆಯ ಮಾತು ಒಂದೂ ಇಲ್ಲ, ಗಮನಿಸಿ. ‘ಅದ್ಭುತ’, ‘ಅಪರೂಪ’ ಎಂದು ಸೇರಿಸುವ ಆಸೆಯಾದರೆ ಆ ಜಾಗದಲ್ಲಿ ಇನ್ನೊಂದು ಕೆಲಸದ ಹೆಸರು ಬರೆಯಿರಿ. ‘ನಮ್ಮಮ್ಮ’, ‘ನಮ್ಮಪ್ಪ’ ಎಂಬಲ್ಲಿ ಹೆಸರು ಹಾಕುವುದಾದರೆ ಅವರನ್ನು ಕೇಳಿಯೇ ಹಾಕಿ. ಪಕ್ಕದ ಮನೆಯವರಿಂದ ಕೂಲಿಗೆ ನೂಲಿಸಿದ್ದರೆ ಅದನ್ನು ಅಮ್ಮನ ಹೆಸರಿಗೆ ಬರೆಯಬೇಡಿ. ‘ಬಣ್ಣ ಹಾಕಿಲ್ಲ’ ಎಂಬ ಸಾಲಿನ ಜೊತೆ, ಬಿಸಿಲಿಗೆ ಕರಿ ಉಣ್ಣೆ ಸ್ವಲ್ಪ ಕಂದುಬಣ್ಣಕ್ಕೆ ತಿರುಗುವುದುಂಟು ಎಂದೂ ತಿಳಿಸಿದರೆ ಒಳ್ಳೆಯದು.

ಉಳಿದದ್ದು ಚುಟುಕಾಗಿ

ಬೆಲೆಯನ್ನು ಪೋಸ್ಟಿನಲ್ಲೇ ಹಾಕಿ. ‘ಕರೆ ಮಾಡಿ’ ಎಂದರೆ ಚೌಕಾಸಿಗೆ ಬನ್ನಿ ಎಂದಂತೆ. ಗಂಟೆಗೆ ಎಷ್ಟು ರೂಪಾಯಿ ಬಿತ್ತು ಎಂಬ ಲೆಕ್ಕ ನಿಮ್ಮ ಹತ್ತಿರವೇ ಇರಲಿ.

ಫೋಟೊ ಮೂರು ಸಾಕು: ರಾಟೆಯ ಮುಂದೆ ಕೈಗಳು, ಮಗ್ಗದ ಮೇಲಿನ ಹಾಸು, ಹಗಲು ಬೆಳಕಿನಲ್ಲಿ ಬಿಡಿಸಿಟ್ಟ ಕಂಬಳಿ. ಫಿಲ್ಟರ್ ಬೇಡ, ಕಪ್ಪು ಇನ್ನಷ್ಟು ಕಪ್ಪಾಗಿ ಕಂಡು ತಕರಾರಾಗುತ್ತದೆ.

ಕೇಂದ್ರ ಸರ್ಕಾರ 2006ರಲ್ಲಿ ತಂದ ಹ್ಯಾಂಡ್‌ಲೂಮ್ ಮಾರ್ಕ್ ಚಿಹ್ನೆಯನ್ನು ನೋಂದಣಿ ಇಲ್ಲದೆ ಪೋಸ್ಟಿಗೆ ಅಂಟಿಸಬೇಡಿ. ಆದರೆ ಕೈಮಗ್ಗಕ್ಕೇ ಮೀಸಲಿಟ್ಟ 11 ಬಗೆಯ ವಸ್ತುಗಳ ಪಟ್ಟಿಯಲ್ಲಿ ಕಂಬಳಿಯೂ ಇದೆ. ಆ ಪಟ್ಟಿ 1985ರ ಕಾಯ್ದೆಯ ಅಡಿಯಲ್ಲಿ ಬಂದದ್ದು. ‘ಇದನ್ನು ಮೆಷಿನ್ನಲ್ಲೇ ಮಾಡಬಹುದಲ್ಲ’ ಎನ್ನುವ ಗಿರಾಕಿಗೆ ಅದನ್ನು ಹೇಳಿ.

ಹುಳು ಬೀಳದಂತೆ ಬಿಸಿಲಿಗೆ ಹಾಕಿ, ಒಣ ಬೇವಿನ ಸೊಪ್ಪಿನ ಜೊತೆ ಮಡಚಿಡಬೇಕು, ವಾಷಿಂಗ್ ಮೆಷಿನ್ನಿಗೆ ಹಾಕಬಾರದು. ಇದನ್ನು ಪೋಸ್ಟಿನಲ್ಲಿ ಬರೆಯುವುದಕ್ಕಿಂತ ಒಂದು ಚೀಟಿಯಲ್ಲಿ ಬರೆದು ಕಂಬಳಿಯ ಮಡಿಕೆಯೊಳಗೆ ಇಟ್ಟು ಕಳಿಸಿ.